ಹೆಸರಿನ ಮುಂದೆಯೂ ಪೀಠದ ಮೇಲೆಯೂ



ಜಿಲ್ಲಾ ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ವಾರ್ಷಿಕೋತ್ಸವದ ಆಹ್ವಾನಪತ್ರಿಕೆಗಳಿಗೆ ವಿಳಾಸ ಬರೆಯಲು ಕುಳಿತಿರುವ ಕನ್ನಡ ಪಂಡಿತರೊಬ್ಬರನ್ನು ತಾವು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇನೆ. ಅವರ ಮುಂದೆ ಐದು ಲಕೋಟೆಗಳಿವೆ. ಮೊದಲನೆಯದು ಊರಿನಲ್ಲಿಯೇ ನೆಲಸಿರುವ ನಿವೃತ್ತ ಲೆಫ್ಟಿನೆಂಟ್ ಕರ್ನಲ್ ಒಬ್ಬರಿಗೆ. ಎರಡನೆಯದು ಸುಬೇದಾರ್ ಮೇಜರ್ ಆಗಿದ್ದು, ಸೇವಾಂತ್ಯದಲ್ಲಿ ಗೌರವ ಕ್ಯಾಪ್ಟನ್ ಪದವಿಯನ್ನು ಪಡೆದು ಬಂದ ಹಿರಿಯರಿಗೆ. ಮೂರನೆಯದು ಜಿಲ್ಲೆಯ ಎಸ್.ಪಿ. ಅವರಿಗೆ, ನಾಲ್ಕನೆಯದು ಉಪವಿಭಾಗದ ಡಿ.ವೈ.ಎಸ್.ಪಿ. ಅವರಿಗೆ, ಐದನೆಯದು ಶಾಲೆಯ ಎದುರಿನ ಠಾಣೆಯ ಎಸ್.ಐ. ಅವರಿಗೆ. ಹಳಗನ್ನಡ ವ್ಯಾಕರಣವನ್ನು ಕರತಲಾಮಲಕವಾಗಿ ಬಲ್ಲ ಪಂಡಿತರ ಲೇಖನಿ ಮೊದಲನೆಯ ಲಕೋಟೆಯ ಮೇಲೆಯೇ ತಡೆದು ನಿಲ್ಲುತ್ತದೆ. ಪದವಿಯನ್ನು ಹೆಸರಿಗಿಂತ ಮೊದಲು ಬರೆಯಬೇಕೆ, ಅನಂತರವೆ? 'ನಿವೃತ್ತ' ಎಂಬುದು ಎಲ್ಲಿ ಬರಬೇಕು? ಎಸ್.ಪಿ. ಅವರ ಹೆಸರನ್ನು ಬರೆಯಲೇಬೇಕೆ? ಅವರಿಗೆ ಎದುರಾದಾಗ ಏನೆಂದು ಕರೆಯುವುದು?

ಈ ಪ್ರಶ್ನೆಗಳಿಗೆ ಉತ್ತರವೆಲ್ಲ ಒಂದೇ ಭೇದವನ್ನು ಆಶ್ರಯಿಸಿದೆ. ಸೇನೆಯಲ್ಲಿ ಪದವಿಯೆಂಬುದು ವ್ಯಕ್ತಿಗೆ ಅಂಟಿಕೊಂಡದ್ದು. ಪೊಲೀಸ್ ಇಲಾಖೆಯಲ್ಲಿ ಅದು ಬಹುಮಟ್ಟಿಗೆ ಪೀಠಕ್ಕೆ ಅಂಟಿಕೊಂಡದ್ದು. ಕರ್ನಲ್ ಆದವರು ದಂಡಿನಲ್ಲಿದ್ದರೂ ಕರ್ನಲ್, ರಜೆಯಲ್ಲಿದ್ದರೂ ಕರ್ನಲ್, ನಿವೃತ್ತರಾಗಿ ತೋಟದಲ್ಲಿ ಕಾಫಿ ಗಿಡಗಳಿಗೆ ನೆರಳು ಕತ್ತರಿಸುತ್ತಿದ್ದರೂ ಕರ್ನಲ್. ಎಸ್.ಪಿ. ಎಂಬುದಾದರೋ ಒಂದು ಜಿಲ್ಲೆಯ ಅಥವಾ ಒಂದು ಕಛೇರಿಯ ಅಧಿಕಾರಸ್ಥಾನ. ವರ್ಗಾವಣೆಯ ಆದೇಶ ಬಂದ ದಿನ ಒಬ್ಬರು ಎದ್ದರೆ ಮತ್ತೊಬ್ಬರು ಅಲ್ಲಿ ಕುಳಿತು ಎಸ್.ಪಿ. ಆಗುತ್ತಾರೆ. ಈ ಭೇದಕ್ಕೆ ನಮ್ಮ ಸಂವಿಧಾನದಲ್ಲಿಯೇ ಒಂದು ಆಧಾರವುಂಟು. ಅದರ 18ನೆಯ ಅನುಚ್ಛೇದವು ರಾಜ್ಯವು ಯಾರಿಗೂ ಬಿರುದುಗಳನ್ನು ನೀಡಲಾಗದೆಂದು ನಿಷೇಧಿಸುವಾಗ, ಸೈನಿಕ ಮತ್ತು ಶೈಕ್ಷಣಿಕ ವೈಶಿಷ್ಟ್ಯಗಳೆರಡನ್ನು ಮಾತ್ರ ಆ ನಿಷೇಧದಿಂದ ಹೊರಗಿಟ್ಟಿತು. ಬ್ರಿಟಿಷರ ಕಾಲದಲ್ಲಿ ಹಿರಿಯ ಪೊಲೀಸ್ ಅಧಿಕಾರಿಗಳ ಹೆಸರಿನ ಮುಂದೆ ರಾವ್ ಬಹದ್ದೂರ್, ಖಾನ್ ಬಹದ್ದೂರ್ ಎಂಬ ವಿಶೇಷಣಗಳು ಶೋಭಿಸುತ್ತಿದ್ದುದನ್ನು ಹಳೆಯ ತಲೆಮಾರಿನವರು ಬಲ್ಲರು. ಗಣರಾಜ್ಯದಲ್ಲಿ ಅವು ಅಸ್ತಂಗತವಾದವು. ಕ್ಯಾಪ್ಟನ್, ಮೇಜರ್, ಕರ್ನಲ್ ಎಂಬವು ಮಾತ್ರ ಹೆಸರಿನ ಮುಂದೆ ನಿರಾತಂಕವಾಗಿ ಉಳಿದುಕೊಂಡವು.

ಇನ್ನು ಮೊದಲನೆಯ ಲಕೋಟೆಗೆ ಬರೋಣ. ಇಂಗ್ಲಿಷಿನಲ್ಲಿ ಸಿ, ಓ, ಎಲ್ ಎಂದು ಮೂರೇ ಅಕ್ಷರಗಳಲ್ಲಿ ಬರೆಯುವ ಪದವಿಯನ್ನು ನಾವು ಕರ್ನಲ್ ಎಂದು ಉಚ್ಚರಿಸುತ್ತೇವೆ. ಬರೆಹಕ್ಕೂ ಉಚ್ಚಾರಕ್ಕೂ ಅಲ್ಲಿ ದಾಯಾದಿ ಮತ್ಸರವಿರುವುದಕ್ಕೆ ನಾವು ಹೊಣೆಗಾರರಲ್ಲ. ಅದಕ್ಕೆ ಒಂದು ಮೆಟ್ಟಿಲು ಕೆಳಗಿನವರು ಲೆಫ್ಟಿನೆಂಟ್ ಕರ್ನಲ್. ಲಕೋಟೆಯ ಮೇಲೆ ಪದವಿಯನ್ನು ಪೂರ್ಣವಾಗಿ, 'ಲೆಫ್ಟಿನೆಂಟ್ ಕರ್ನಲ್' ಎಂದೋ 'ಲೆ. ಕರ್ನಲ್' ಎಂದೋ ಬರೆಯಲೇಬೇಕು. ಆದರೆ ಅದೇ ಅತಿಥಿಗಳು ಶಾಲೆಯ ಬಾಗಿಲಿಗೆ ಬಂದಿಳಿದಾಗ 'ಬನ್ನಿ ಕರ್ನಲ್ ಸಾಹೇಬರೇ' ಎಂದು ಸ್ವಾಗತಿಸುವುದೇ ಶಿಷ್ಟಾಚಾರ. ಮಾತಿನಲ್ಲಿ ಕೆಳಗಿನ ವಿಶೇಷಣವನ್ನು ಕಳಚಿ ಮೇಲಿನ ಪದವನ್ನು ಮಾತ್ರ ಉಳಿಸುವ ಈ ಪದ್ಧತಿಯು ಸೇನೆಯಲ್ಲಿ ಮೇಲಿನವರೆಗೂ ನಡೆಯುತ್ತದೆ: ಮೇಜರ್ ಜನರಲ್ ಅವರೂ, ಲೆಫ್ಟಿನೆಂಟ್ ಜನರಲ್ ಅವರೂ ಸಂಬೋಧನೆಯಲ್ಲಿ ಬರಿಯ 'ಜನರಲ್'. ಬ್ರಿಗೇಡಿಯರ್ ಅವರು ಮಾತ್ರ ಏನನ್ನೂ ಕಳಚಲಾರದೆ ಬ್ರಿಗೇಡಿಯರ್ ಆಗಿಯೇ ಉಳಿಯುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಕೇಳಿಬರುವ ಒಂದು ಸಂದೇಹವನ್ನು ಪರಿಹರಿಸಿ ಮುಂದುವರಿಯುವುದು ಲೇಸು. ಲೆಫ್ಟಿನೆಂಟರಿಗಿಂತ ಮೇಜರು ದೊಡ್ಡವರು. ಹಾಗಿರುವಾಗ ಮೇಜರ್ ಜನರಲ್‌ಗಿಂತ ಲೆಫ್ಟಿನೆಂಟ್ ಜನರಲ್ ದೊಡ್ಡವರಾದುದು ಹೇಗೆ? ಶತಮಾನಗಳ ಹಿಂದೆ ಇಂಗ್ಲೆಂಡಿನ ಸೈನ್ಯದಲ್ಲಿ ಜನರಲ್ ಅವರ ಸಹಾಯಕರಾಗಿ ಒಬ್ಬ ಲೆಫ್ಟಿನೆಂಟ್ ಜನರಲ್ಲೂ, ಅವರ ಕೆಳಗೆ ಒಬ್ಬ ಸಾರ್ಜೆಂಟ್ ಮೇಜರ್ ಜನರಲ್ಲೂ ಇರುತ್ತಿದ್ದರು. ಈ ಕೊನೆಯವರ ಪದವಿಯಿಂದ ಕಾಲಕ್ರಮದಲ್ಲಿ 'ಸಾರ್ಜೆಂಟ್' ಉದುರಿಹೋಗಿ 'ಮೇಜರ್ ಜನರಲ್' ಮಾತ್ರ ಉಳಿಯಿತು. ತಲೆಯ ಪದ ಹೋದರೂ ತಲೆತಲಾಂತರದ ಸ್ಥಾನ ಹೋಗಲಿಲ್ಲ.

ಇನ್ನು 'ನಿವೃತ್ತ' ಎಂಬುದರ ಸ್ಥಾನ. 'ನಿವೃತ್ತ ಕರ್ನಲ್ ಇಂಥವರು' ಎಂದು ನಮ್ಮ ಪತ್ರಿಕೆಗಳು ಬರೆಯುವುದು ವಾಡಿಕೆ. ಸೇನೆಯವರ ಕಿವಿಗೆ ಅದು ಸೊಗಸುವುದಿಲ್ಲ. ನಿವೃತ್ತಿ ಹೊಂದುವವರು ಅಧಿಕಾರಿಗಳು, ಪದವಿಯಲ್ಲ ಎಂಬುದು ಅವರ ಸಂಪ್ರದಾಯ. ಆದಕಾರಣ ಮೊದಲು ಪದವಿ, ಅನಂತರ ಹೆಸರು, ಹೆಸರಿನ ಬಳಿಕ ಪದಕಗಳೇನಾದರೂ ಇದ್ದರೆ ಅವುಗಳ ಅಕ್ಷರಗಳು, ಕಟ್ಟಕಡೆಗೆ ಆವರಣಚಿಹ್ನೆಯೊಳಗೆ 'ನಿವೃತ್ತ' ಎಂಬ ಪದ: ಇದು ಸರಿಯಾದ ಕ್ರಮ. ಪದವಿಗೂ ಹೆಸರಿಗೂ ನಡುವೆ 'ನಿವೃತ್ತ'ವನ್ನು ತುರುಕುವುದೂ ಇದೇ ಕಾರಣದಿಂದ ತಪ್ಪು. ಫೀಲ್ಡ್ ಮಾರ್ಷಲ್ ಪದವಿಗಾದರೆ ಆ ಆವರಣವೇ ಬೇಕಿಲ್ಲ. ಆ ಪದವಿಯನ್ನು ಹೊಂದಿದವರು ಎಂದೆಂದಿಗೂ ನಿವೃತ್ತರಲ್ಲವೆಂದು ಎಣಿಕೆ. ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮಹಾದಂಡನಾಯಕರಾದ ಮೊದಲ ಭಾರತೀಯರು. 1953ರಲ್ಲಿ ಸೇವೆಯಿಂದ ಇಳಿದು ಮೂರು ದಶಕಗಳಿಗೂ ಹೆಚ್ಚು ಕಾಲ ಜನರಲ್ ಕಾರ್ಯಪ್ಪನವರಾಗಿದ್ದು, 1986ರಲ್ಲಿ ಫೀಲ್ಡ್ ಮಾರ್ಷಲ್ ಆದರು. ಅಲ್ಲಿಂದ ಮುಂದೆ ಅವರ ಹೆಸರಿನ ಮುಂದೆ ಬರೆಯುವ ಅಕ್ಷರಗಳು ಬದಲಾದುದಷ್ಟೇ ಅಲ್ಲ, ಹೆಸರಿನ ಹಿಂದಿನ ಆವರಣವೂ ಮಾಯವಾಯಿತು. ಅದೇ ಕೊಡಗಿನ ಮತ್ತೊಬ್ಬ ಮಹಾನುಭಾವರಾದ, 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯನವರನ್ನು ನಾಡಿನ ಜನ ಇಂದಿಗೂ ಬರಿಯ ಹೆಸರಿನಿಂದ ಸ್ಮರಿಸುವುದಿಲ್ಲ, ಜನರಲ್ ತಿಮ್ಮಯ್ಯ ಎಂದೇ ಸ್ಮರಿಸುತ್ತಾರೆ.

ಎರಡನೆಯ ಲಕೋಟೆಯಲ್ಲಿ ಸೂಕ್ಷ್ಮ ಇನ್ನಷ್ಟು ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದ ಸ್ವಾರಸ್ಯವಿರುವುದೂ ಅಲ್ಲಿಯೇ. ಸಿಪಾಯಿ, ಲಾನ್ಸ್ ನಾಯಕ್, ನಾಯಕ್, ಹವಲ್ದಾರ್ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿದ ಯೋಧರು ಮುಂದೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಆಗುತ್ತಾರೆ. ಈ ಮೂವರನ್ನು ಜೂನಿಯರ್ ಕಮಿಷನ್ಡ್ ಆಫೀಸರುಗಳೆಂದೂ, ಅಕ್ಷರಗಳಲ್ಲಿ ಜೆ.ಸಿ.ಓ.ಗಳೆಂದೂ ಕರೆಯುವರು. ಬ್ರಿಟಿಷರ ಆಳ್ವಿಕೆಯಲ್ಲಿ ಇವರು ವೈಸ್‌ರಾಯ್ ಕಮಿಷನ್ ಪಡೆದವರೆಂದು ವಿ.ಸಿ.ಓ.ಗಳೆನಿಸಿದ್ದರು, ನಾಯಬ್ ಸುಬೇದಾರರಿಗೆ 1965ರವರೆಗೂ ಜಮೇದಾರ್ ಎಂಬ ಹೆಸರಿತ್ತು. ಅಶ್ವದಳದ ಪರಂಪರೆಯ ಪಡೆಗಳಲ್ಲಿ ಸುಬೇದಾರರು ರಿಸಾಲ್ದಾರ್ ಆಗುತ್ತಾರೆ, ಹವಲ್ದಾರರು ದಫೇದಾರ್ ಆಗುತ್ತಾರೆ, ಸಿಪಾಯಿ ಸವಾರ್ ಆಗುತ್ತಾನೆ. ಫಿರಂಗಿದಳದಲ್ಲಿ ಅದೇ ಸಿಪಾಯಿ ಗನ್ನರ್. ಬೆಂಗಳೂರಿನ ಹಲಸೂರು ಕೆರೆಯ ಆಸುಪಾಸಿನಲ್ಲಿ ನೆಲೆಯೂರಿರುವ ಮದ್ರಾಸ್ ಇಂಜಿನಿಯರುಗಳ ಪಡೆಯಲ್ಲಿ ಸ್ಯಾಪರ್. ಸ್ಯಾಪರ್ ಆದವನನ್ನು ಸಿಪಾಯಿಯೆಂದು ಬರೆದರೆ ಅವನು ಸಿಟ್ಟಾಗಲಿಕ್ಕಿಲ್ಲ, ಆದರೆ ಬರೆದವನಿಗೆ ಪಡೆಯ ಪರಿಚಯವಿಲ್ಲವೆಂಬುದನ್ನು ಮನಸ್ಸಿನಲ್ಲಿಯೇ ಗುರುತು ಹಾಕಿಕೊಳ್ಳುತ್ತಾನೆ.

ಈ ಜೆ.ಸಿ.ಓ.ಗಳನ್ನು ಕರೆಯುವ ಬಗೆಯೇ ಬೇರೆ. ಸೇನಾ ಅಕಾಡೆಮಿಯಿಂದ ಆಗತಾನೆ ಹೊರಬಂದು ಲೆಫ್ಟಿನೆಂಟ್ ಆದ ತರುಣನು, ನಿಯಮದ ಪ್ರಕಾರ, ಎರಡು ದಶಕಗಳಿಗೂ ಹೆಚ್ಚು ಕಾಲ ಸೇವೆಸಲ್ಲಿಸಿದ ಸುಬೇದಾರರಿಗಿಂತ ಮೇಲಿನವನು. ಸುಬೇದಾರರು ಆತನಿಗೆ ವಂದನೆ ಸಲ್ಲಿಸುತ್ತಾರೆ, 'ಸರ್' ಎನ್ನುತ್ತಾರೆ. ಆದರೆ ಆ ತರುಣನು ಅವರನ್ನು ಎಂದಿಗೂ ಬರಿಯ ಹೆಸರು ಹಿಡಿದು ಕರೆಯುವಂತಿಲ್ಲ. 'ಸಾಹೇಬ್' ಎಂದೋ 'ಸುಬೇದಾರ್ ಸಾಹೇಬ್' ಎಂದೋ ಕರೆಯತಕ್ಕದ್ದು. ಆಜ್ಞೆ ಕೊಡುವವನೂ ಗೌರವ ಸೂಚಿಸುತ್ತಾನೆ, ಆಜ್ಞೆ ಸ್ವೀಕರಿಸುವವರೂ ಗೌರವ ಸೂಚಿಸುತ್ತಾರೆ. ಸುಬೇದಾರ್ ಮೇಜರ್ ಅವರಾದರೋ ಪಡೆಯ ಜವಾನರೆಲ್ಲರ ಹಿರಿಯಣ್ಣ. ಕಮಾಂಡಿಂಗ್ ಆಫೀಸರರೇ ಜವಾನರ ಯೋಗಕ್ಷೇಮದ ವಿಷಯದಲ್ಲಿ ಅವರ ಮಾತಿಗೆ ಕಿವಿಗೊಡುತ್ತಾರೆ. ಅಂದಮೇಲೆ ಶಾಲೆಯ ಬಾಗಿಲಲ್ಲಿ ನಿಂತ ನಾಗರಿಕರಾದ ನಾವು ಅವರನ್ನು 'ಸುಬೇದಾರರೇ' ಎಂದಷ್ಟೇ ಕರೆಯುವುದು ಸಾಲದು. ಸಾಹೇಬ್ ಎಂಬುದು ಅಲ್ಲಿ ಅಲಂಕಾರವಲ್ಲ, ಪದವಿಯ ಅಂಗ.

ನಮ್ಮ ಪಂಡಿತರ ಎರಡನೆಯ ಅತಿಥಿಗಳು ಗೌರವ ಕ್ಯಾಪ್ಟನ್. ಸ್ವಾತಂತ್ರ್ಯದಿನ ಹಾಗೂ ಗಣರಾಜ್ಯದಿನಗಳಂದು ಆಯ್ದ ಜೆ.ಸಿ.ಓ.ಗಳಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳನ್ನು ದಯಪಾಲಿಸುವ ಸಂಪ್ರದಾಯವಿದೆ. ಬರೆಹದಲ್ಲಿ 'ಗೌರವ ಕ್ಯಾಪ್ಟನ್' ಎಂದು ವಿಶೇಷಣಸಹಿತವಾಗಿಯೇ ಬರೆಯಬೇಕು. ಎದುರಿಗೆ 'ಕ್ಯಾಪ್ಟನ್ ಸಾಹೇಬರೇ' ಎಂದರೆ ಸಾಕು. ವಿಶೇಷಣವನ್ನು ಬಿಟ್ಟು ಬರೆಯುವುದರಿಂದ ಅವರ ಗೌರವ ಹೆಚ್ಚುವುದೆಂದು ಕೆಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಮೂವತ್ತು ವರ್ಷಗಳ ಸಾಧನೆಯಿಂದ ಗಳಿಸಿದ ಪದವಿಯನ್ನು ಎರಡೇ ವರ್ಷಗಳ ಸೇವೆಯಲ್ಲಿ ದೊರಕುವ ಪದವಿಯೊಡನೆ ಬೆರಸಿದಂತಾಗುತ್ತದೆ.

ಇಲ್ಲಿ ಇನ್ನೊಂದು ಎಡವುಗಲ್ಲಿದೆ. ದಂಡಿನೊಳಗೆ ಸುಬೇದಾರ್ ಮೇಜರ್ ಅವರನ್ನು 'ಎಸ್.ಎಂ. ಸಾಹೇಬ್' ಎಂದು ಕರೆಯುವುದುಂಟು. ಹೆಸರಿನ ಬಳಿಕ ಅಲ್ಪವಿರಾಮವಿಟ್ಟು ಬರೆದ 'ಎಸ್.ಎಂ.' ಆದರೆ ಸೇನಾ ಮೆಡಲ್. ಒಂದೇ ಎರಡಕ್ಷರಗಳು ಹೆಸರಿನ ಮುಂದೆ ಬಂದಾಗ ಪದವಿಯನ್ನೂ ಹಿಂದೆ ಬಂದಾಗ ಪದಕವನ್ನೂ ಸೂಚಿಸುವುದರಿಂದ, ಸ್ಥಾನಪಲ್ಲಟ ಮಾಡಿದರೆ ಸುಬೇದಾರ್ ಮೇಜರ್ ಅವರ ಪದವಿ ಹೋಗಿ ಇಲ್ಲದ ಪದಕ ಬಂದೀತು. ಹಾಗೆಯೇ ಸಿ.ಓ. ಎಂಬುದು ಪದವಿಯಲ್ಲ, ಪಡೆಯ ಕಮಾಂಡಿಂಗ್ ಆಫೀಸರ್ ಎಂಬ ಹೊಣೆ. ಅದನ್ನು ಹೆಸರಿನ ಮುಂದೆ ಬರೆಯುವುದಿಲ್ಲ, ಹೆಸರಿನ ಕೆಳಗಿನ ಸಾಲಿನಲ್ಲಿ ಬರೆಯುತ್ತಾರೆ.

ಈಗ ಪೊಲೀಸಿನವರ ಕಡೆಗೆ ತಿರುಗೋಣ. ಎಸ್.ಪಿ. ಎಂದರೆ ಸೂಪರಿಂಟೆಂಡೆಂಟ್ ಆಫ್ ಪೊಲೀಸ್. ಸರ್ಕಾರದ ಕನ್ನಡದಲ್ಲಿ ಅವರು ಪೊಲೀಸ್ ಅಧೀಕ್ಷಕರು, ಪತ್ರಿಕೆಗಳ ಕನ್ನಡದಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳು, ಜನರ ಬಾಯಲ್ಲಿ ಎಸ್.ಪಿ. ಸಾಹೇಬರು. ಅವರ ಹೆಸರಿನ ಮುಂದೆ ಎಸ್.ಪಿ. ಎಂದು ಬರೆಯುವ ರೂಢಿ ಇಲ್ಲ. 'ಶ್ರೀ' ಅಥವಾ 'ಶ್ರೀಮತಿ', ಅನಂತರ ಹೆಸರು, ಹೆಸರಿನ ಬಳಿಕ ಐ.ಪಿ.ಎಸ್., ಕೆಳಗಿನ ಸಾಲಿನಲ್ಲಿ ಪೊಲೀಸ್ ಅಧೀಕ್ಷಕರು, ಅದರ ಕೆಳಗೆ ಜಿಲ್ಲೆಯ ಹೆಸರು. ಸಭೆಗೆ ಬರಬೇಕಾದವರು ಆ ವ್ಯಕ್ತಿಯೇ ಎಂದಿದ್ದರೆ ಹೆಸರು ಬೇಕು. ಮನವಿ, ದೂರು, ಅನುಮತಿಯ ಅರ್ಜಿ ಇವುಗಳಲ್ಲಿ ಹೆಸರಿಲ್ಲದಿರುವುದೇ ಕ್ಷೇಮ, ಏಕೆಂದರೆ ಪತ್ರ ತಲುಪುವಷ್ಟರಲ್ಲಿ ಆ ಪೀಠದಲ್ಲಿ ಮತ್ತೊಬ್ಬರಿರಬಹುದು, ಹೆಸರು ಹೊತ್ತ ಪತ್ರವು ಹಳಬರ ಬೆನ್ನು ಹಿಡಿದು ಮತ್ತೊಂದು ಜಿಲ್ಲೆಗೆ ಪ್ರಯಾಣ ಹೊರಡಬಹುದು.

ನಾಲ್ಕನೆಯ ಲಕೋಟೆಯ ಅಕ್ಷರಗಳ ಹಿಂದೆ ಒಂದು ಚರಿತ್ರೆಯೇ ಇದೆ. ಡೆಪ್ಯುಟಿ ಸೂಪರಿಂಟೆಂಡೆಂಟ್ ಎಂಬವರನ್ನು ತಮಿಳುನಾಡಿನಲ್ಲಿ, ಪಂಜಾಬಿನಲ್ಲಿ ಡಿ.ಎಸ್.ಪಿ. ಎನ್ನುತ್ತಾರೆ, ನಮ್ಮಲ್ಲಿಯೂ ಕೇರಳದಲ್ಲಿಯೂ ಡಿ ಅಕ್ಷರದ ಪಕ್ಕದಲ್ಲಿ ವೈ ಅಕ್ಷರವೊಂದನ್ನು ಸೇರಿಸಿ ಡಿ.ವೈ.ಎಸ್.ಪಿ. ಎನ್ನುತ್ತೇವೆ. ಈ ವೈ ಅಕ್ಷರವನ್ನು ಅಧಿಕಪ್ರಸಂಗವೆಂದು ತಿಳಿಯಬಾರದು. 1861ರ ಪೊಲೀಸ್ ಕಾಯಿದೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರನ್ನು ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ಎಂದು ಕರೆದಿತ್ತು. ಮದರಾಸು ಆಧಿಪತ್ಯದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಮೊದಲಾದ ಜಿಲ್ಲೆಗಳಲ್ಲಿಯೂ ಹಳೆಯ ಕಾಲದ ಡಿ.ಎಸ್.ಪಿ. ಎಂದರೆ ಜಿಲ್ಲೆಯ ಸರ್ವಾಧಿಕಾರಿಯಾದ ಆ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರೇ ಹೊರತು ಅವರ ಕೈಕೆಳಗಿನವರಲ್ಲ. ಆಂಡ್ರೂ ಫ್ರೇಜರ್ ಅವರ ಅಧ್ಯಕ್ಷತೆಯಲ್ಲಿ 1902-03ರಲ್ಲಿ ಕೆಲಸಮಾಡಿದ ಪೊಲೀಸ್ ಆಯೋಗವು ಭಾರತೀಯರಿಗಾಗಿ ಡೆಪ್ಯುಟಿ ಸೂಪರಿಂಟೆಂಡೆಂಟ್ ಎಂಬ ಹೊಸ ಹುದ್ದೆಯನ್ನು ಶಿಫಾರಸು ಮಾಡಿದಾಗ, ಡಿ ಅಕ್ಷರಕ್ಕೆ ಇಬ್ಬರು ವಾರಸುದಾರರಾದರು. ದೊರೆಗಳ ಹುದ್ದೆಗೂ ನಮ್ಮವರ ಹುದ್ದೆಗೂ ಒಂದೇ ಸಂಕ್ಷೇಪವಿದ್ದರೆ ಟಪಾಲು ಕಲಸುಮೇಲೋಗರವಾಗುವುದಷ್ಟೇ. ಡೆಪ್ಯುಟಿ ಎಂಬ ಪದದ ಕೊನೆಯ ಅಕ್ಷರವನ್ನೂ ಸೇರಿಸಿ ಬರೆದರೆ ಆ ಸಂದೇಹಕ್ಕೆ ಎಡೆಯಿಲ್ಲ. ಜಿಲ್ಲೆಯ ದೊರೆಗಳು ಮುಂದೆ ಬರಿಯ ಎಸ್.ಪಿ. ಆದರು, ನೆರೆಯವರು ವೈ ಅಕ್ಷರವನ್ನು ಕೈಬಿಟ್ಟರು, ನಾವು ಉಳಿಸಿಕೊಂಡೆವು.

ಹೊರರಾಜ್ಯದಿಂದ ಬಂದವರು ಡಿ.ಎಸ್.ಪಿ. ಎಂದರೆ ನಮ್ಮ ಡಿ.ವೈ.ಎಸ್.ಪಿ. ಎಂದು ತಿಳಿಯಬೇಕು, ಹಳೆಯ ಮದರಾಸಿನ ಕಾಗದಪತ್ರಗಳಲ್ಲಿ ಅದೇ ಅಕ್ಷರಗಳು ಕಂಡರೆ ಎಸ್.ಪಿ. ಎಂದು ತಿಳಿಯಬೇಕು. ಐ.ಪಿ.ಎಸ್.ಗೆ ಆಯ್ಕೆಯಾದ ತರುಣರು ಮೊದಲು ಉಪವಿಭಾಗದಲ್ಲಿ ಕುಳಿತಾಗ ಅದೇ ಮಟ್ಟದಲ್ಲಿ ಎ.ಎಸ್.ಪಿ., ಎಂದರೆ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್, ಎನಿಸುತ್ತಾರೆ. ಜಿಲ್ಲೆಯ ಹೆಚ್ಚುವರಿ ಎಸ್.ಪಿ. ಅವರನ್ನೂ ಅವಸರದಲ್ಲಿ ಎ.ಎಸ್.ಪಿ. ಎಂದು ಬರೆಯುವವರಿದ್ದಾರೆ. ಹೆಚ್ಚುವರಿ ಎಂಬುದನ್ನು ಪೂರ್ಣವಾಗಿ ಬರೆದುಬಿಟ್ಟರೆ ಎರಡು ಹನಿ ಮಸಿ ಹೆಚ್ಚಾಗುತ್ತದೆ, ಅಷ್ಟೆ.

ಕಮಿಷನರ್ ವ್ಯವಸ್ಥೆಯಿರುವ ನಗರಗಳಲ್ಲಿ ಈ ಅಕ್ಷರಗಳೆಲ್ಲ ಬದಲಾಗುತ್ತವೆ. ಬೆಂಗಳೂರಿನಲ್ಲಿ 1963ರಿಂದ ಪೊಲೀಸ್ ಕಮಿಷನರ್ ಇದ್ದಾರೆ; ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಗಳೂ ಆ ದಾರಿಯನ್ನು ಹಿಡಿದಿವೆ. ಅಲ್ಲಿ ಎಸ್.ಪಿ. ದರ್ಜೆಯವರು ಡಿ.ಸಿ.ಪಿ., ಎಂದರೆ ಉಪ ಪೊಲೀಸ್ ಆಯುಕ್ತರು, ಡಿ.ವೈ.ಎಸ್.ಪಿ. ದರ್ಜೆಯವರು ಎ.ಸಿ.ಪಿ., ಎಂದರೆ ಸಹಾಯಕ ಪೊಲೀಸ್ ಆಯುಕ್ತರು. ಇಲ್ಲಿ ಕೊನೆಯ ಪಿ ಅಕ್ಷರ ಬಿಟ್ಟುಹೋದರೆ ಅನಾಹುತ: ಡಿ.ಸಿ. ಎಂದರೆ ಕಂದಾಯ ಆಡಳಿತದ ಜಿಲ್ಲಾಧಿಕಾರಿಗಳು, ಎ.ಸಿ. ಎಂದರೆ ಅವರ ಉಪವಿಭಾಗಾಧಿಕಾರಿಗಳು. ಮೆರವಣಿಗೆಗೆ ಅನುಮತಿ ಕೇಳಿದ ಪತ್ರವು ಭೂದಾಖಲೆಗಳ ಕಟ್ಟಿನೊಳಗೆ ಸೇರಿ ಮೆರವಣಿಗೆಯ ದಿನ ಕಳೆದ ಮೇಲೆ ಹೊರಬಂದರೆ ಆಶ್ಚರ್ಯಪಡಬೇಕಾದುದಿಲ್ಲ. ಸರ್ಕಲ್ ಇನ್‌ಸ್ಪೆಕ್ಟರರನ್ನು ನಮ್ಮ ಜಿಲ್ಲೆಗಳಲ್ಲಿ ಸಿ.ಪಿ.ಐ. ಎನ್ನುವರು, ಅದೇ ಮೂರಕ್ಷರಗಳ ರಾಜಕೀಯ ಪಕ್ಷವೊಂದು ಇರುವುದರಿಂದ 'ಸಿ.ಪಿ.ಐ. ಅವರು ಸಭೆಯನ್ನು ಚದರಿಸಿದರು' ಎಂಬ ವಾರ್ತೆಯನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ.

ಐದನೆಯ ಲಕೋಟೆ ಸಬ್ ಇನ್‌ಸ್ಪೆಕ್ಟರರದು. ಇಲಾಖೆಯಲ್ಲಿ ಅವರು ಪಿ.ಎಸ್.ಐ.; ಜನರ ಬಾಯಿಗೆ ಬಂದಾಗ ಪ್ರಾಂತಪ್ರಾಂತಕ್ಕೆ ಬೇರೆ. ಹಿಂದಿನ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರಗಳ ಹಳ್ಳಿಗಳಲ್ಲಿ ಮುದುಕರು ಇಂದಿಗೂ ಅವರನ್ನು 'ಫೌಜದಾರ್ ಸಾಹೇಬ್ರು' ಎನ್ನುತ್ತಾರೆ, ಹೆಡ್ ಕಾನ್‌ಸ್ಟೇಬಲರನ್ನು 'ಹವಾಲ್ದಾರ್ರು' ಎನ್ನುತ್ತಾರೆ. ಹಳೆಯ ಮೈಸೂರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ದಫೇದಾರರು. ಜಿಲ್ಲಾಧಿಕಾರಿಗಳ ಕೋಣೆಯ ಮುಂದೆ ಪಟ್ಟಿ ಧರಿಸಿ ನಿಲ್ಲುವವರಿಗೂ ಅದೇ ಹೆಸರಿರುವುದರಿಂದ, ಸಂದರ್ಭವನ್ನರಿತು ಅರ್ಥಮಾಡಿಕೊಳ್ಳಬೇಕು. ಮೈಸೂರು ಸೀಮೆಯಲ್ಲಿ ಸಬ್ ಇನ್‌ಸ್ಪೆಕ್ಟರರಿಗೆ ಎದುರಾದರೆ 'ಸಬ್' ಎಂಬುದನ್ನು ಬಿಟ್ಟು 'ಇನ್‌ಸ್ಪೆಕ್ಟ್ರೇ' ಎನ್ನುವುದುಂಟು. ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಅವರನ್ನು ಕರ್ನಲ್ ಎನ್ನುವ ಸೌಜನ್ಯದ ಸೋದರನೇ ಇದು. ಎಸ್.ಪಿ., ಎಸ್.ಐ. ಮುಂತಾದ ಅಕ್ಷರಗಳಿಗೆ 'ಸಾಹೇಬರೇ' ಎಂದು ಸೇರಿಸದೆ ಎದುರಿಗೆ ಬಳಸುವುದು ಒರಟು. ಪುರುಷರಿಗೆ 'ಸರ್', ಮಹಿಳೆಯರಿಗೆ 'ಮೇಡಂ' ಎಂಬುದೇ ಠಾಣೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಸಲ್ಲುವ ಸಂಬೋಧನೆ. ಪೊಲೀಸ್ ಪ್ರಕಟಣೆಗಳಲ್ಲಿ 'ಮ.ಪಿ.ಸಿ.' ಎಂದು ಕಂಡರೆ ಬೆಚ್ಚಬೇಡಿ. ಕನ್ನಡದ 'ಮಹಿಳಾ' ಎಂಬುದರ ಮೊದಲಕ್ಷರವು ಇಂಗ್ಲಿಷಿನ ಪೊಲೀಸ್ ಕಾನ್‌ಸ್ಟೇಬಲ್‌ಗೆ ಮುಂದಾಳಾಗಿ ನಿಂತಿದೆ.

ಹೆಸರು ತಿಳಿಯದ ಅಧಿಕಾರಿ ಎದುರಿಗೆ ಬಂದರೆ ಭುಜವನ್ನು ನೋಡಬೇಕು. ಸಬ್ ಇನ್‌ಸ್ಪೆಕ್ಟರರಿಗೆ ಎರಡು ನಕ್ಷತ್ರ, ಇನ್‌ಸ್ಪೆಕ್ಟರರಿಗೆ ಮೂರು, ಡಿ.ವೈ.ಎಸ್.ಪಿ. ಅವರಿಗೂ ಮೂರೇ. ಆದರೆ ಮೊದಲಿಬ್ಬರ ಭುಜಪಟ್ಟಿಯ ತುದಿಯಲ್ಲಿ ಕೆಂಪು ನೀಲಿಗಳ ಒಂದು ಅಡ್ಡರಿಬ್ಬನ್ ಇರುತ್ತದೆ, ಡಿ.ವೈ.ಎಸ್.ಪಿ. ಅವರ ಭುಜದಲ್ಲಿ ಅದಿರುವುದಿಲ್ಲ. ಸೇನೆಯಲ್ಲಿಯೂ ಸೂತ್ರ ಇದೇ: ಎರಡು ನಕ್ಷತ್ರ ಧರಿಸಿದವರು ಲೆಫ್ಟಿನೆಂಟರೋ ಸುಬೇದಾರರೋ ಎಂಬುದನ್ನು ಅಡ್ಡರಿಬ್ಬನ್ ಹೇಳುತ್ತದೆ. ನಕ್ಷತ್ರವೆಣಿಸಿ ರಿಬ್ಬನನ್ನು ಮರೆತವರು ಇನ್‌ಸ್ಪೆಕ್ಟರರನ್ನು ಡಿ.ವೈ.ಎಸ್.ಪಿ. ಮಾಡಿ ಅವರನ್ನು ಸಂತೋಷಪಡಿಸುತ್ತಾರೆ, ಡಿ.ವೈ.ಎಸ್.ಪಿ. ಅವರನ್ನು ಇನ್‌ಸ್ಪೆಕ್ಟರ್ ಮಾಡಿ ಮುಖ ಗಂಟಿಕ್ಕಿಸುತ್ತಾರೆ. ಸಿಂಹಮುದ್ರೆಯೊಡನೆ ಒಂದು ನಕ್ಷತ್ರವಿದ್ದರೆ ಪೊಲೀಸಿನಲ್ಲಿ ಎಸ್.ಪಿ., ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್. ಚಿಹ್ನೆ ಒಂದೇ ಆದ ಮಾತ್ರಕ್ಕೆ ಪದವಿಗಳು ಸಮಾನವೆಂದು ವಾದಿಸಹೋಗಬಾರದು, ಆ ವ್ಯಾಜ್ಯವನ್ನು ಅವರವರೇ ಬಗೆಹರಿಸಿಕೊಳ್ಳಲಿ.

ಇದೆಲ್ಲ ಬರಿಯ ಮರ್ಯಾದೆಯ ವಿಚಾರವೆಂದು ಹೇಳುವವರಿಗೆ ಒಂದು ಪ್ರಕರಣವನ್ನು ಬಿಡಿಸಿ ತೋರಿಸಬಯಸುತ್ತೇನೆ. ಕಳವಾದ ಎತ್ತುಗಳ ಬಗ್ಗೆ ರೈತರೊಬ್ಬರು ದೂರು ಬರೆಯುತ್ತಾರೆನ್ನಿ. ಮೊದಲನೆಯ ದೂರು ಠಾಣೆಗೆ. ಅದನ್ನು 'ಪಿ.ಎಸ್.ಐ. ಅವರಿಗೆ' ಎಂದು ಬರೆಯುವುದಕ್ಕಿಂತ 'ಠಾಣಾಧಿಕಾರಿಗಳಿಗೆ' ಎಂದು ಬರೆಯುವುದು ಮೇಲು. ಕಾನೂನು ಮಾತನಾಡುವುದು ಠಾಣೆಯ ಪ್ರಭಾರದಲ್ಲಿರುವ ಅಧಿಕಾರಿಯ ವಿಷಯವಾಗಿ. ಕೆಲವು ಠಾಣೆಗಳಲ್ಲಿ ಅವರು ಇನ್‌ಸ್ಪೆಕ್ಟರ್, ಕೆಲವೆಡೆ ಸಬ್ ಇನ್‌ಸ್ಪೆಕ್ಟರ್, ಇಬ್ಬರೂ ಬಂದೋಬಸ್ತಿಗೆ ಹೋಗಿದ್ದ ರಾತ್ರಿ ಕಾನ್‌ಸ್ಟೇಬಲ್ ದರ್ಜೆಗೆ ಮೇಲ್ಪಟ್ಟ ಹೆಡ್ ಕಾನ್‌ಸ್ಟೇಬಲರೇ ಆ ಪ್ರಭಾರವನ್ನು ವಹಿಸಿರಬಹುದು. ಪಿ.ಎಸ್.ಐ. ಅವರಿಗೆಂದು ಬರೆದ ಕಾಗದವನ್ನು 'ಸಾಹೇಬರು ಬರಲಿ' ಎಂದು ಮೇಜಿನ ಮೇಲೆ ಇರಿಸಲು ನೆಪವಾಗುತ್ತದೆ. ಠಾಣಾಧಿಕಾರಿಗೆಂದು ಬರೆದುದಕ್ಕೆ ಆ ನೆಪವಿಲ್ಲ.

ಠಾಣೆಯಲ್ಲಿ ದೂರನ್ನು ದಾಖಲಿಸಲು ನಿರಾಕರಿಸಿದರೆಂದು ಇಟ್ಟುಕೊಳ್ಳಿ. ಆಗ ದೂರಿನ ಸಾರಾಂಶವನ್ನು ಬರೆದು ಅಂಚೆಯ ಮೂಲಕ ಸೂಪರಿಂಟೆಂಡೆಂಟ್ ಆಫ್ ಪೊಲೀಸ್ ಅವರಿಗೆ ಕಳುಹಿಸಲು ಕಾನೂನು ಅವಕಾಶ ಕೊಡುತ್ತದೆ. ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 154ನೆಯ ಪ್ರಕರಣದಲ್ಲಿದ್ದ ಈ ಅವಕಾಶವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಲ್ಲಿಯೂ ಇದೆ. ತಂದೆಯವರ ಕಾಲದ ಮಾತನ್ನು ನೆನಪಿಟ್ಟುಕೊಂಡ ನಮ್ಮ ರೈತರು, ಜಿಲ್ಲೆಯ ದೊಡ್ಡ ಸಾಹೇಬರೆಂಬ ಭಾವನೆಯಿಂದ ಲಕೋಟೆಯ ಮೇಲೆ 'ಡಿ.ಎಸ್.ಪಿ. ಅವರಿಗೆ' ಎಂದು ಬರೆದರೆ ಅದು ಇಂದು ಉಪವಿಭಾಗದ ಕಛೇರಿಗೆ ಹೋಗುತ್ತದೆ, ಡಿ.ವೈ.ಎಸ್.ಪಿ. ಅವರು ಠಾಣೆಯ ಮೇಲಧಿಕಾರಿಗಳೇ ಆದರೂ, ಕಾನೂನು ಹೆಸರಿಸಿದ ಅಧಿಕಾರಿ ಅವರಲ್ಲ. ಮುಂದೆ ನ್ಯಾಯಾಲಯದ ಮೆಟ್ಟಿಲೇರಿದಾಗ 'ಎಸ್.ಪಿ. ಅವರಿಗೆ ಬರೆದಿರಾ?' ಎಂಬ ಪ್ರಶ್ನೆಗೆ ರೈತರ ಬಳಿ ಸರಿಯಾದ ಉತ್ತರವಿರುವುದಿಲ್ಲ. ಆದ್ದರಿಂದ ಇಂಥ ಲಕೋಟೆಯ ಮೇಲೆ ಸಂಕ್ಷಿಪ್ತಾಕ್ಷರಗಳೇ ಬೇಡ. 'ಪೊಲೀಸ್ ಅಧೀಕ್ಷಕರು, ಜಿಲ್ಲಾ ಪೊಲೀಸ್ ಕಛೇರಿ' ಎಂದು ಪೂರ್ಣವಾಗಿ ಬರೆದು, ಕೆಳಗೆ ಊರಿನ ಹೆಸರನ್ನು ಹಾಕಿ, ಒಳಗೆ 'ಮಾನ್ಯರೇ' ಎಂದು ಪ್ರಾರಂಭಿಸಿದರೆ ಸಾಕು. ಸ್ವೀಕೃತಿ ಪತ್ರವನ್ನು ಕೋರಿ ಕಳುಹಿಸಿ, ಅದು ಹಿಂದಿರುಗಿದಾಗ ಸಹಿಯನ್ನಲ್ಲ, ಮೊಹರನ್ನು ಓದಿರಿ. ಮೊಹರಿನಲ್ಲಿ ಉಪವಿಭಾಗದ ಹೆಸರಿದ್ದರೆ ಇನ್ನೊಂದು ಲಕೋಟೆಯನ್ನು ಅಂದೇ ಬರೆಯಿರಿ.